ದುಬೈ ಟ್ಯಾಕ್ಸಿಯಲ್ಲಿ ಮೀಟರ್ ಯಾಕೆ ಓಡುತ್ತೆ: ಹೊಸದಾಗಿ ಬಂದವರಿಗೆ ಒಬ್ಬ ಡ್ರೈವರ್ ಮಾತು

(ಕ್ಯಾಮೆರಾ ಡ್ಯಾಶ್‌ಬೋರ್ಡ್ ಮೇಲೆ. ಗಾಡಿ ಪಾರ್ಕಿಂಗ್‌ನಲ್ಲಿ ನಿಂತಿದೆ.)

ನಮಸ್ಕಾರ. ಕುಂದಾಪುರದವನು ನಾನು, ದುಬೈನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಊರಿಂದ ಹೊಸದಾಗಿ ಬಂದವರು, ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು ಗಾಡಿ ಹತ್ತಿದ ಐದು ನಿಮಿಷಕ್ಕೆ ಒಂದು ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಗಾಡಿ ಹೊರಟೇ ಇಲ್ಲ, ಆಗಲೇ 25 ಆಯ್ತಲ್ಲ?" ಅಲ್ಲಿಂದಲೇ ಶುರು ಮಾಡೋಣ.

(ಮೀಟರ್ ಹತ್ತಿರದಿಂದ ತೋರಿಸಿ.)

ವಿಮಾನ ನಿಲ್ದಾಣದ ಸಾಲಿನಲ್ಲಿ ಟ್ಯಾಕ್ಸಿ ಹಿಡಿದರೆ ಮೀಟರ್ 25 ದಿರ್ಹಮ್‌ನಿಂದಲೇ ಶುರುವಾಗುತ್ತದೆ. ಅದೇ ಹೊರಗೆ ರಸ್ತೆಯಲ್ಲಿ ಕೈ ತೋರಿಸಿ ಹಿಡಿದರೆ ಹಗಲು 5 ದಿರ್ಹಮ್, ರಾತ್ರಿ ಹತ್ತರ ನಂತರ ಐವತ್ತು ಫಿಲ್ಸ್, ಅಂದರೆ ಅರ್ಧ ದಿರ್ಹಮ್ ಜಾಸ್ತಿ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಶುರುವೇ ಇನ್ನಷ್ಟು ಮೇಲೆ. ಇದನ್ನೆಲ್ಲ ನಿಗದಿ ಮಾಡುವುದು ಇಲ್ಲಿನ ಸರ್ಕಾರದ ಸಾರಿಗೆ ಇಲಾಖೆ ಆರ್‌ಟಿಎ, ಡ್ರೈವರ್ ಅಲ್ಲ. ಚೌಕಾಸಿಗೆ ಇಲ್ಲಿ ಜಾಗವೇ ಇಲ್ಲ. ನಮ್ಮ ಆಟೋದವರ ಹತ್ತಿರ ಮಾಡಿದ ಹಾಗೆ "ಎಷ್ಟಕ್ಕೆ ಬರ್ತೀರಾ" ಅಂತ ಕೇಳಬೇಡಿ. ಮೀಟರ್ ಹಾಕದೆ ಬಾಯಿಲೆಕ್ಕದಲ್ಲಿ ಬರುತ್ತೇನೆ ಅನ್ನುವವನ ಗಾಡಿಗೆ ಹತ್ತಲೂಬೇಡಿ.

ಒಂದು ಲೆಕ್ಕ ಹಾಕೋಣ. ಟರ್ಮಿನಲ್ ಒಂದರಿಂದ ಕರಾಮಾಕ್ಕೆ ಸುಮಾರು 10 ಕಿಲೋಮೀಟರ್ ಅಂದುಕೊಳ್ಳಿ. ಕಿಲೋಮೀಟರಿಗೆ ಎರಡು ದಿರ್ಹಮ್ ಚಿಲ್ಲರೆ. ಇಂಧನದ ಬೆಲೆ ನೋಡಿಕೊಂಡು ಈ ದರ ಆಗಾಗ ಸ್ವಲ್ಪ ಏರಿಳಿಯುತ್ತದೆ. ಶುರುವಿನ 25, ದೂರಕ್ಕೆ 22ರ ಆಸುಪಾಸು. ಗರ್ಹೂದ್ ಸೇತುವೆ ದಾಟುವಾಗ ಒಂದು ಸಾಲಿಕ್ ಗೇಟ್ ಬರುತ್ತದೆ. ಅದು ಟೋಲ್, ಆದರೆ ನಮ್ಮ ಹೆದ್ದಾರಿಯ ಹಾಗೆ ಕಟ್ಟೆ ಇಲ್ಲ, ಯಾರೂ ಗಾಡಿ ನಿಲ್ಲಿಸುವುದಿಲ್ಲ. ತಲೆ ಮೇಲೆ ಒಂದು ಕಮಾನು ದಾಟಿದರೆ ಮುಗಿಯಿತು. 2025ರಿಂದ ಅದು ಹೊತ್ತು ನೋಡಿಕೊಂಡು 4 ಅಥವಾ 6 ದಿರ್ಹಮ್. ಅದು ನಿಮ್ಮ ಬಾಡಿಗೆಗೇ ಸೇರುತ್ತದೆ. ಒಟ್ಟು 50ರಿಂದ 55. ಇದಕ್ಕಿಂತ ತುಂಬಾ ಜಾಸ್ತಿ ಬಂದರೆ ಎಲ್ಲೋ ಟ್ರಾಫಿಕ್ ಸಿಕ್ಕಿದೆ ಅಂತ ಅರ್ಥ, ಇಲ್ಲವೇ ಸುತ್ತು ಹಾಕಿದ್ದಾರೆ. ಅನುಮಾನ ಇದ್ದರೆ ಮೊದಲೇ ಫೋನಿನಲ್ಲಿ ಮ್ಯಾಪ್ ಹಾಕಿಟ್ಟುಕೊಳ್ಳಿ. ಡ್ರೈವರಿಗೆ ಕಾಣುವ ಹಾಗೆ ಹಿಡಿದರೂ ಬೇಜಾರಿಲ್ಲ.

ಸಾಮಾನು ಕಡಿಮೆ ಇದ್ದರೆ ಟರ್ಮಿನಲ್ ಒಂದು ಮತ್ತು ಮೂರರಿಂದ ಮೆಟ್ರೋ ಇದೆ. ನನ್ನ ಬಾಡಿಗೆ ಹೋದರೂ ನಿಜ ಹೇಳುತ್ತಿದ್ದೇನೆ. ಆದರೆ ನಮ್ಮವರು ಹಪ್ಪಳ, ಉಪ್ಪಿನಕಾಯಿ, ಅಕ್ಕಿ ಎಲ್ಲ ಕಟ್ಟಿಕೊಂಡು ಬರುತ್ತಾರಲ್ಲ, ಅಷ್ಟೆಲ್ಲ ಹೊತ್ತುಕೊಂಡು ಮೆಟ್ರೋ ಹತ್ತುವುದು ಆಗದ ಮಾತು.

(ಸಿಗ್ನಲ್‌ನಲ್ಲಿ ನಿಂತ ಗಾಡಿಗಳ ಸಾಲು.)

ಇನ್ನು ವೇಟಿಂಗ್. ಜಗಳ ಆಗುವುದು ಇಲ್ಲೇ. ಗಾಡಿ ನಿಂತರೂ ಮೀಟರ್ ನಿಲ್ಲುವುದಿಲ್ಲ. ಕಾಯುವ ಹೊತ್ತಿಗೆ ನಿಮಿಷಕ್ಕೆ 50 ಫಿಲ್ಸ್, ಅಂದರೆ ಎರಡು ನಿಮಿಷಕ್ಕೆ ಒಂದು ದಿರ್ಹಮ್. ಸಂಜೆ ಶಾರ್ಜಾ ಕಡೆ ಹೋಗುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಂತಿರಿ ಅಂದುಕೊಳ್ಳಿ, ಅಲ್ಲೇ ಹತ್ತು ದಿರ್ಹಮ್ ಹೋಯಿತು. ಡ್ರೈವರ್ ಮೀಟರ್ ತಿರುಚಿದ ಅಂತ ಸಿಟ್ಟಾಗಬೇಡಿ. ಒಂದೆರಡು ತಾಸು ತಡೆದು ಹೊರಟರೆ ಅದೇ ದಾರಿಗೆ ಬಾಡಿಗೆ ಇಳಿಯುತ್ತದೆ.

ಮೀನಾ ಬಜಾರಿಗೆ ಬಂದವರು ಹೇಳುವುದು ಕೇಳಿ. "ಅಣ್ಣಾ, ಇಲ್ಲೇ ಇರಿ, ಒಂದೇ ನಿಮಿಷ, ಸೀರೆ ನೋಡಿಕೊಂಡು ಬರ್ತೀವಿ." ಸೀರೆ ಒಂದು ನಿಮಿಷಕ್ಕೆ ಮುಗಿಯುತ್ತದಾ? ಕಾಯಿಸಬೇಕೋ, ಬಿಟ್ಟುಬಿಡಬೇಕೋ, ಹೀಗೆ ಲೆಕ್ಕ ಹಾಕಿ. ಗಾಡಿ ಬಿಟ್ಟು ಹೊಸದು ಹಿಡಿದರೆ ನಿಮಗೆ ಜಾಸ್ತಿ ಬೀಳುವುದು ಆ ಶುರುವಿನ 5 ದಿರ್ಹಮ್ ಮಾತ್ರ. ದೂರದ ದುಡ್ಡು ಎರಡು ಕಡೆಯೂ ಒಂದೇ. 5 ದಿರ್ಹಮ್ ಅಂದರೆ ಹತ್ತು ನಿಮಿಷದ ವೇಟಿಂಗ್. ಅಂದರೆ ಮುಂದೆ ಹೋಗುವುದು ದೂರ ಇದ್ದು, ಅಂಗಡಿಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಗಾಡಿ ಬಿಟ್ಟುಬಿಡಿ. ಮುಂದಿನ ದಾರಿ ಒಂದೇ ಕಿಲೋಮೀಟರ್ ಇದ್ದರೆ ಲೆಕ್ಕ ಬೇರೆ. ಹೊಸ ಗಾಡಿಗೆ ಕನಿಷ್ಠ ಬಾಡಿಗೆ 12-13 ದಿರ್ಹಮ್ ಕೊಡಲೇಬೇಕು. ಆಗ ಇಪ್ಪತ್ತು ನಿಮಿಷದ ತನಕ ಕಾಯಿಸಿದರೂ ನಷ್ಟವಿಲ್ಲ. ಜುಲೈ ಮಧ್ಯಾಹ್ನ, ಜೊತೆಗೆ ವಯಸ್ಸಾದವರು ಇದ್ದರೆ ಈ ಲೆಕ್ಕ ಬಿಟ್ಟು ಸುಮ್ನೆ ಕಾಯಿಸಿ. ಆ ಬಿಸಿಲಲ್ಲಿ ಇನ್ನೊಂದು ಗಾಡಿಗೆ ಕೈ ಬೀಸುತ್ತಾ ನಿಲ್ಲುವುದು ಬೇಡ. ಆದರೆ ನಿಲ್ಲಿಸಬಾರದ ಜಾಗದಲ್ಲಿ "ಇಲ್ಲೇ ಇರಿ" ಅಂತ ಹಟ ಮಾಡಬೇಡಿ. ದಂಡ ಬೀಳುವುದು ನಮಗೆ.

ಶಾರ್ಜಾದಲ್ಲಿ ಮನೆ ಇರುವ ನಮ್ಮವರು ಬಹಳ ಜನ. ಮನೆ ಬಾಡಿಗೆ ಕಡಿಮೆ ಅಂತ ಅಲ್ಲಿ ಇರುತ್ತಾರೆ. ದುಬೈ ಟ್ಯಾಕ್ಸಿ ಶಾರ್ಜಾಕ್ಕೆ ದಾಟಿದರೆ ಮೀಟರಿಗೆ 20 ದಿರ್ಹಮ್ ಸೇರುತ್ತದೆ. ನಾವು ಅಲ್ಲಿ ರಸ್ತೆಯಲ್ಲಿ ಪ್ಯಾಸೆಂಜರ್ ಹತ್ತಿಸುವ ಹಾಗಿಲ್ಲ, ಖಾಲಿ ವಾಪಸ್ ಬರಬೇಕು. ಹಾಗಾಗಿ ಶಾರ್ಜಾದಿಂದ ಹೊರಡುವಾಗ ಅಲ್ಲಿನ ಟ್ಯಾಕ್ಸಿಯನ್ನೇ ಹಿಡಿಯಿರಿ.

(ಗಾಡಿ ಹೊರಗಿನಿಂದ.)

ಅಸಲಿ ಟ್ಯಾಕ್ಸಿ ಗುರುತು ಹಿಡಿಯುವುದು ಸುಲಭ. ಮೈ ಕೆನೆ ಬಣ್ಣ, ಮೇಲ್ಛಾವಣಿ ಕೆಂಪು, ನೀಲಿ, ಹಳದಿ, ಹಸಿರು, ಕಿತ್ತಳೆ, ಹೀಗೆ ಕಂಪನಿಗೊಂದು ಬಣ್ಣ. ಗುಲಾಬಿ ಛಾವಣಿ ಇದ್ದರೆ ಓಡಿಸುವವರು ಹೆಂಗಸರು. ಅದು ಹೆಂಗಸರಿಗೆ ಮತ್ತು ಕುಟುಂಬದವರಿಗೆ. ಒಂಟಿಯಾಗಿ ಬಂದ ಹೆಣ್ಣುಮಕ್ಕಳು ರಾತ್ರಿ ಇಳಿದರೆ ಏರ್‌ಪೋರ್ಟಿನಲ್ಲೇ ಅದನ್ನು ಕೇಳಬಹುದು. ಹೊರಗೆ ಬರುವ ಬಾಗಿಲಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಮೆಲ್ಲಗೆ ಕರೆಯುವವರು ಸಿಗುತ್ತಾರೆ. ಅವರಲ್ಲಿ ಕೆಲವರು ಹಿಂದಿ, ಮಲಯಾಳಂ, ಕನ್ನಡ ಎಲ್ಲ ಮಾತಾಡಬಹುದು, ಅದಕ್ಕೇ ಮರುಳಾಗಬೇಡಿ. ಲೈಸೆನ್ಸ್ ಇಲ್ಲದ ಗಾಡಿ. ಮೀಟರಿಲ್ಲ, ದೂರು ಕೊಡಲು ಜಾಗವೂ ಇಲ್ಲ.

ಹತ್ತುವಾಗ ಒಂದು ಮಾತು. ಇಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಸ್ಟೇರಿಂಗ್ ಎಡಗಡೆ. ಊರಿನ ರೂಢಿಯಲ್ಲಿ ಎಡಗಡೆ ಬಾಗಿಲು ತೆರೆದು ಇಳಿದರೆ ನೇರ ಓಡುವ ಗಾಡಿಗಳ ಮುಂದೆ ಕಾಲಿಡುತ್ತೀರಿ. ಬಲಗಡೆ ಬಾಗಿಲಿಂದಲೇ ಹತ್ತಿ, ಬಲಗಡೆಯಿಂದಲೇ ಇಳಿಯಿರಿ. ಹಿಂದೆ ಕೂತವರಿಗೂ ಸೀಟ್ ಬೆಲ್ಟ್ ಬೇಕು. ಒಬ್ಬರು ಹಾಕದಿದ್ದರೂ ಡ್ರೈವರಿಗೆ 400 ದಿರ್ಹಮ್ ದಂಡ, ಲೈಸೆನ್ಸಿಗೆ ನಾಲ್ಕು ಕಪ್ಪು ಅಂಕ. ಅದಕ್ಕೇ ನಾವು ತಿರುಗಿ ತಿರುಗಿ ಹೇಳುವುದು. ಹತ್ತು ವರ್ಷದೊಳಗಿನ ಮಕ್ಕಳನ್ನು ಮುಂದೆ ಕೂರಿಸಬೇಡಿ.

ವಿಳಾಸ ಹೇಳಲು ತಡವರಿಸುವವರು ಕಟ್ಟಡದ ಬಾಗಿಲ ಹತ್ತಿರ ಮಕಾನಿ ಫಲಕ ನೋಡಿ. ಹತ್ತು ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಫೋನಿನಲ್ಲಿ ಫೋಟೋ ಹೊಡೆದು ಅಪ್ಪ ಅಮ್ಮನಿಗೆ ಕಳಿಸಿಡಿ. ದಾರಿ ತಪ್ಪಿದರೂ ಆ ಸಂಖ್ಯೆ ತೋರಿಸಿದರೆ ಸಾಕು, ಮನೆ ಬಾಗಿಲಿಗೆ ಬಿಡುತ್ತೇವೆ.

(ಮೀಟರಿನಿಂದ ರಸೀದಿ ಹೊರಬರುತ್ತಿದೆ.)

ಕಾರ್ಡ್ ನಡೆಯುತ್ತದೆ, ಆದರೆ ಹತ್ತು ಇಪ್ಪತ್ತರ ನೋಟು ಕೈಯಲ್ಲಿರಲಿ. ಬೆಳಗ್ಗೆ ಮೊದಲ ಬಾಡಿಗೆಗೇ 500 ಕೊಟ್ಟರೆ ನಾನೆಲ್ಲಿಂದ ಚಿಲ್ಲರೆ ತರಲಿ? ಟಿಪ್ಸ್ ಕಡ್ಡಾಯವಲ್ಲ. ರಸೀದಿ ಮಾತ್ರ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ಗಾಡಿ ನಂಬರ್ ಇರುತ್ತದೆ. ಫೋನೋ ಪಾಸ್‌ಪೋರ್ಟೋ ಸೀಟಿನಲ್ಲಿ ಬಿಟ್ಟುಹೋದರೆ ಆರ್‌ಟಿಎಯ 8009090ಗೆ ಫೋನ್ ಮಾಡಿ. ಗಾಡಿ ನಂಬರ್, ಇಳಿದ ಹೊತ್ತು, ಜಾಗ ಹೇಳಿ. ಬರೀ "ಕೆಂಪು ಛಾವಣಿ ಗಾಡಿ" ಅಂದರೆ ಹುಡುಕುವುದು ಕಷ್ಟ, ಈ ಊರಲ್ಲಿ ಅಂಥವು ಸಾವಿರಾರು ಇವೆ.