ಫ್ಲಶ್ ಟ್ಯಾಂಕ್ ಸುರಿಯುತ್ತಲೇ ಇದ್ದರೆ ಮೊದಲು ನೀರಿನ ಮಟ್ಟ ನೋಡಿ

ಮಡಿಕೇರಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಜೋರು ಮಳೆಯಲ್ಲಿ ತೋಟದ ದಾರಿ ದಾಟಿ ಪ್ಲಂಬರ್ ಬರುವುದು ಅಪರೂಪ. ಹಾಗಾಗಿ ಫ್ಲಶ್ ಟ್ಯಾಂಕಿನ ರಿಪೇರಿ ನಾನೇ ಮಾಡುತ್ತೇನೆ.

ಮೊದಲು ಮುಚ್ಚಳ ತೆಗೆದು ನೋಡುತ್ತೇನೆ. ನೀರು ಓವರ್‌ಫ್ಲೋ ಪೈಪಿನ ಬಾಯಿವರೆಗೆ ಏರಿ ಒಳಗೆ ಇಳಿಯುತ್ತಿದ್ದರೆ ದೋಷ ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನದು. ನೀರು ಪೈಪಿಗಿಂತ ಕೆಳಗೇ ಇದ್ದು, ಯಾರೂ ಫ್ಲಶ್ ಮಾಡದಿದ್ದರೂ ಆಗಾಗ ತುಂಬಿಕೊಳ್ಳುವ ಸದ್ದು ಬಂದರೆ ತಳದ ತೂತು ಮುಚ್ಚುವ ರಬ್ಬರ್ ಮುಚ್ಚಳ, ಅಂದರೆ ಫ್ಲಾಪರ್, ಸೋರುತ್ತಿದೆ ಅಂತ ಅರ್ಥ. ಅನುಮಾನವಿದ್ದರೆ ಟ್ಯಾಂಕಿಗೆ ಒಂದು ಲೋಟ ಗಟ್ಟಿ ಕಾಫಿ ಡಿಕಾಕ್ಷನ್ ಸುರಿದು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ನೀರು ಓವರ್‌ಫ್ಲೋ ಪೈಪಿಗೆ ಹೋಗದಿದ್ದರೂ ಕಮೋಡಿನಲ್ಲಿ ಕಂದು ಬಣ್ಣ ಕಂಡರೆ ಫ್ಲಾಪರೇ.

ಈ ಮಳೆಗಾಲದಲ್ಲಿ ಮೇಲಿನ ರೂಮಿನ ಟ್ಯಾಂಕು ರಾತ್ರಿಯಿಡೀ ಸುರಿದು, ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕೇ ಖಾಲಿ. “ಅಣ್ಣಾ, ನಲ್ಲೀಲಿ ನೀರಿಲ್ಲ” ಅಂತ ಕೆಲಸದ ಹುಡುಗ ಓಡಿ ಬಂದ. ಮುಚ್ಚಳ ತೆಗೆದರೆ ನೀರು ಓವರ್‌ಫ್ಲೋ ಪೈಪಿಗೆ ಇಳಿಯುತ್ತಿತ್ತು. ಫ್ಲೋಟನ್ನು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದೆ. ಆಗ ನೀರು ನಿಂತಿದ್ದರೆ ವಾಲ್ವ್ ಚೆನ್ನಾಗಿದೆ, ಫ್ಲೋಟನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು. ಆದರೆ ಇಲ್ಲಿ ನಿಲ್ಲಲಿಲ್ಲ. ನಮಗೆ ನೀರು ಬರುವುದು ತೋಡಿನಿಂದ. ಮಳೆ ಬಂದರೆ ಸಣ್ಣ ಮರಳೂ ಜೊತೆಗೆ ಬರುತ್ತದೆ, ವಾಲ್ವಿನ ರಬ್ಬರ್ ವಾಷರ್ ಕೆಳಗೆ ಕೂರುತ್ತದೆ.

ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ವಾಲ್ವಿನ ಮೇಲಿನ ಮುಚ್ಚಳ ತಿರುಗಿಸಿ ಬಿಚ್ಚಿದೆ. ವಾಷರಿನ ಮೇಲೆ ಕೆಂಪು ಮರಳು ಅಂಟಿತ್ತು. ಅದನ್ನು ತೊಳೆದೆ. ಆಮೇಲೆ ಬಿಚ್ಚಿದ ಬಾಯಿಯ ಮೇಲೆ ಲೋಟ ಕವುಚಿ ಹಿಡಿದು ಕಾಕನ್ನು ಒಂದು ಕ್ಷಣ ತೆರೆದೆ. ಒಳಗೆ ಉಳಿದಿದ್ದ ಮರಳು ನೀರಿನ ರಭಸಕ್ಕೆ ಹೊರಬಂತು. ಲೋಟ ಇಲ್ಲದಿದ್ದರೆ ನೀರು ಮುಖಕ್ಕೇ ಹಾರುತ್ತದೆ! ಮುಚ್ಚಳವನ್ನು ಕೈಯಲ್ಲಷ್ಟೇ ಬಿಗಿ ಮಾಡಿ, ಪ್ಲಾಸ್ಟಿಕ್ಕಿಗೆ ಸ್ಪ್ಯಾನರ್ ಬೇಡ. ಕೊನೆಗೆ ನೀರು ಪೈಪಿನ ಬಾಯಿಗಿಂತ ಸುಮಾರು 2 ಸೆಂ.ಮೀ. ಕೆಳಗೆ ನಿಲ್ಲುವಂತೆ ಫ್ಲೋಟನ್ನು ಹೊಂದಿಸಿದೆ. ವಾಷರಿನಲ್ಲಿ ಗುಳಿ ಬಿದ್ದಿದ್ದರೆ ತೊಳೆದು ಉಪಯೋಗವಿಲ್ಲ, ಹೊಸದೇ ಹಾಕಬೇಕು.

ಫ್ಲಾಪರ್ ಕಥೆ ಬೇರೆ. ಅದರ ಮೇಲೆ ಬೆರಳಾಡಿಸಿ ನೋಡಿ, ಕಪ್ಪು ಮಸಿ ಹತ್ತಿದರೆ ರಬ್ಬರ್ ಹಾಳಾಗಿದೆ. ಟ್ಯಾಂಕೊಳಗೆ ಬ್ಲೀಚ್ ಮಾತ್ರೆ ಹಾಕುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ರಬ್ಬರ್ ಚೆನ್ನಾಗಿದ್ದರೆ ಚೈನ್ ನೋಡಿ. ತೀರಾ ಬಿಗಿಯಾಗಿದ್ದರೆ ಫ್ಲಾಪರನ್ನು ಎತ್ತಿಯೇ ಹಿಡಿದಿರುತ್ತದೆ, ತೀರಾ ಉದ್ದವಿದ್ದರೆ ಅದರ ಅಡಿಗೇ ಸಿಕ್ಕಿಕೊಳ್ಳುತ್ತದೆ. ಒಂದು ಸೆಂ.ಮೀ.ನಷ್ಟು ಸಡಿಲ ಇದ್ದರೆ ಸರಿ. ಹೊಸ ಫ್ಲಾಪರ್ ತರಲು ಹೋಗುವಾಗ ಹಳೆಯದನ್ನೂ ಅಂಗಡಿಗೆ ಒಯ್ಯಿರಿ, ಅಳತೆ ಬೇರೆ ಬೇರೆ ಇರುತ್ತದೆ. ಅದು ಕೂರುವ ಅಂಚೇ ಬಿರುಕು ಬಿಟ್ಟಿದ್ದರೆ ಇಡೀ ಫ್ಲಶ್ ವಾಲ್ವ್ ಬದಲಿಸಬೇಕು. ನಮ್ಮಲ್ಲಿ ಅದಕ್ಕೆ ಟ್ಯಾಂಕನ್ನೇ ಕಮೋಡಿನಿಂದ ಬಿಚ್ಚಬೇಕು, ಆ ಕೆಲಸಕ್ಕೆ ಮಾತ್ರ ನಾನೂ ಪ್ಲಂಬರನ್ನು ಕಾಯುತ್ತೇನೆ.