ಫಾಯಿಲ್, ಎಪೆ, ಸೇಬರ್: ಒಂದೇ ಹೊಡೆತಕ್ಕೆ ಮೂರು ತೀರ್ಪು ಯಾಕೆ?

ಪುಣೆಯಲ್ಲಿ ಮಕ್ಕಳ ಫೆನ್ಸಿಂಗ್ ಪಂದ್ಯ ನಡೆಯುವ ಯಾವ ಹಾಲ್‌ಗೆ ಹೋದರೂ ಗ್ಯಾಲರಿಯಲ್ಲಿ ಒಂದು ಪ್ರಶ್ನೆ ಕೇಳಿಸುತ್ತದೆ. ಮರಾಠಿಯವರು ಮರಾಠಿಯಲ್ಲಿ ಕೇಳುತ್ತಾರೆ, ನಮ್ಮವರು ಕನ್ನಡದಲ್ಲಿ: "ಮೊದಲು ತಾಗಿಸಿದ್ದು ನಮ್ಮ ಹುಡುಗಿ ಅಲ್ವಾ? ಪಾಯಿಂಟ್ ಯಾಕ್ರೀ ಆ ಕಡೆಗೆ ಹೋಯ್ತು?" ಫೆನ್ಸಿಂಗ್ ಅಂದರೆ ಕತ್ತಿವರಸೆಯ ಆಟ; ಫಾಯಿಲ್, ಎಪೆ, ಸೇಬರ್ ಅದರ ಮೂರು ಆಯುಧಗಳು. ನನ್ನ ಮಗಳು ಫಾಯಿಲ್ ಆಡುತ್ತಾಳೆ. ಅವಳ ಪಂದ್ಯ ನೋಡುತ್ತಾ ನೋಡುತ್ತಾ ನಾನು ಕಲಿತದ್ದು ಇಷ್ಟು: ಮೂರು ಆಯುಧಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡುವುದಕ್ಕಿಂತ, ಒಂದೇ ಹೊಡೆತವನ್ನು ಹಿಡಿದುಕೊಂಡು ಅದು ಮೂರರಲ್ಲೂ ಏನಾಗುತ್ತದೆ ಎಂದು ನೋಡಿದರೆ ಆಟ ಬೇಗ ಅರ್ಥವಾಗುತ್ತದೆ.

ಆ ಹೊಡೆತ ಇದು. ಎಡಗಡೆಯ ಹುಡುಗಿ ಕೈ ಚಾಚಿ, ಮುಂಗಾಲು ಹಾಕಿ ಎದುರಾಳಿಯ ಎದೆಗೆ ನುಗ್ಗುತ್ತಾಳೆ. ಬಲಗಡೆಯವಳು ಅದನ್ನು ತಡೆಯುವುದಿಲ್ಲ. ನಿಂತಲ್ಲೇ ತನ್ನ ಬ್ಲೇಡ್ ಚಾಚಿ ನುಗ್ಗುವವಳ ಮುಂಗೈಗೆ ತಾಗಿಸುತ್ತಾಳೆ. ಮುಂಗೈಗೆ ತಾಗಿದ 100 ಮಿಲಿಸೆಕೆಂಡ್ ಆದ ಮೇಲೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದ ಮೇಲೆ, ಎಡಗಡೆಯವಳ ತುದಿ ಬಲಗಡೆಯವಳ ಎದೆಗೆ ತಾಗುತ್ತದೆ. ಪಾಯಿಂಟ್ ಯಾರಿಗೆ?

ಮೊದಲ ಹೆಜ್ಜೆ: ಮೈಮೇಲಿನ ಬಟ್ಟೆ ನೋಡಿ

ಆಟಗಾರರ ಮೈಮೇಲೆ ಬೆಳ್ಳಿ ಬಣ್ಣದ ಲಾಮೆ ಜಾಕೆಟ್ ಇದೆಯಾ ನೋಡಿ. ಲೋಹದ ಎಳೆ ಸೇರಿಸಿ ನೇಯ್ದ, ವಿದ್ಯುತ್ ಹರಿಯುವ ಬಟ್ಟೆ ಅದು. ಎಲ್ಲಿ ಲಾಮೆ ಇದೆಯೋ ಅಲ್ಲಿ ತಾಗಿದರೆ ಮಾತ್ರ ಲೆಕ್ಕ.

ತೋಳಿಲ್ಲದ ಲಾಮೆ ಇದ್ದರೆ ಅದು ಫಾಯಿಲ್. ಎದೆ, ಹೊಟ್ಟೆ, ಬೆನ್ನು, ತೊಡೆಸಂದಿನವರೆಗಿನ ಮುಂಡ ಮಾತ್ರ ಗುರಿ. ಕುತ್ತಿಗೆಯ ಮೇಲೆ ಇಳಿಬಿಟ್ಟ ಮಾಸ್ಕಿನ ಬಟ್ಟೆಯ ಕೆಳಭಾಗವೂ ಇದರಲ್ಲಿ ಸೇರುತ್ತದೆ. ಕೈ, ಕಾಲು, ತಲೆ ಸೇರುವುದಿಲ್ಲ. ತೋಳೂ ಇರುವ ಲಾಮೆ ಮತ್ತು ವಿದ್ಯುತ್ ಹರಿಯುವ ಮಾಸ್ಕ್ ಇದ್ದರೆ ಸೇಬರ್. ಅದರಲ್ಲಿ ಸೊಂಟದಿಂದ ಮೇಲೆ ತಲೆ, ತೋಳು ಎಲ್ಲ ಗುರಿಯೇ. ಹಸ್ತ ಮಾತ್ರ ಹೊರಗೆ. ಲಾಮೆಯೇ ಇಲ್ಲದಿದ್ದರೆ ಎಪೆ. ಅಂಗಾಲಿನಿಂದ ಮಾಸ್ಕಿನವರೆಗೆ ಇಡೀ ದೇಹವೇ ಗುರಿಯಾದ್ದರಿಂದ ಯಾವ ಭಾಗವನ್ನೂ ಗುರುತು ಮಾಡಬೇಕಿಲ್ಲ.

ನಮ್ಮ ಹೊಡೆತಕ್ಕೆ ಈಗಲೇ ಅರ್ಧ ಉತ್ತರ ಸಿಕ್ಕಿತು. ಮುಂಗೈಗೆ ತಾಗಿದ್ದು ಎಪೆಯಲ್ಲಿ ಸರಿ, ಸೇಬರ್‌ನಲ್ಲೂ ಸರಿ, ಫಾಯಿಲ್‌ನಲ್ಲಿ ಗುರಿ ತಪ್ಪಿದ್ದು.

ಎರಡನೇ ಹೆಜ್ಜೆ: ದೀಪ ಓದಿ

ಆಯುಧಕ್ಕೆ ತಂತಿಯಿಂದ ಜೋಡಿಸಿದ ಯಂತ್ರ ಹೊಡೆತ ದಾಖಲಿಸಿ ದೀಪ ಹತ್ತಿಸುತ್ತದೆ. ಎಡಗಡೆಯವರ ದೀಪ ಕೆಂಪು, ಬಲಗಡೆಯವರದು ಹಸಿರು. ಒಬ್ಬರ ಹೊಡೆತ ದಾಖಲಾದ ಮೇಲೆ ಇನ್ನೊಬ್ಬರಿಗಾಗಿ ಯಂತ್ರ ಎಷ್ಟು ಹೊತ್ತು ಕಾಯುತ್ತದೆ ಎನ್ನುವುದು ಮೂರರಲ್ಲೂ ಬೇರೆ. ಇಡೀ ಗೊಂದಲದ ಬೇರು ಇಲ್ಲೇ ಇದೆ.

ಎಪೆಯಲ್ಲಿ ಯಂತ್ರ ಕಾಯುವುದು ತೀರಾ ಕಡಿಮೆ. ಎರಡು ಹೊಡೆತಗಳ ನಡುವೆ 40 ಮಿಲಿಸೆಕೆಂಡ್‌ಗಿಂತ ಕಡಿಮೆ ಅಂತರವಿದ್ದರೆ ಎರಡೂ ದೀಪ ಹತ್ತಿ ಇಬ್ಬರಿಗೂ ಒಂದೊಂದು ಪಾಯಿಂಟ್. ಅಂತರ 50 ದಾಟಿದರೆ ಮೊದಲು ತಾಗಿಸಿದವರ ದೀಪ ಮಾತ್ರ. ಯಾರು ನುಗ್ಗಿದರು, ಯಾರು ನಿಂತಿದ್ದರು ಎಂಬ ವಿಚಾರಣೆ ಇಲ್ಲ. ನಮ್ಮ ಹೊಡೆತದಲ್ಲಿ ಅಂತರ 100. ಹಾಗಾಗಿ ಹಸಿರು ದೀಪ ಒಂದೇ ಹತ್ತುತ್ತದೆ, ಪಾಯಿಂಟ್ ಬಲಗಡೆಯವಳಿಗೆ. ಎಪೆ ಆಡುವವರು ಯಾವಾಗಲೂ ಎದುರಾಳಿಯ ಮಣಿಕಟ್ಟನ್ನೇ ಹುಡುಕುವುದು ಯಾಕೆ ಅಂತ ಈಗ ತಿಳಿಯಿತಲ್ವಾ? ಎಲ್ಲಕ್ಕಿಂತ ಹತ್ತಿರ ಸಿಗುವ ಗುರಿ ಅದು.

ಫಾಯಿಲ್‌ನಲ್ಲಿ ಯಂತ್ರ ಸುಮಾರು 300 ಮಿಲಿಸೆಕೆಂಡ್ ಕಾಯುತ್ತದೆ. ಗುರಿ ಬಿಟ್ಟು ಬೇರೆ ಕಡೆ ತಾಗಿದರೆ ಬಿಳಿ ದೀಪ ಹತ್ತುತ್ತದೆ. ನಮ್ಮ ಹೊಡೆತಕ್ಕೆ ಬಲಗಡೆ ಬಿಳಿ, ಎಡಗಡೆ ಕೆಂಪು. ಸೇಬರ್‌ನಲ್ಲಿ ಯಂತ್ರ ಕಾಯುವುದು ಸುಮಾರು 170 ಮಿಲಿಸೆಕೆಂಡ್. ಗುರಿ ತಪ್ಪಿದ ಹೊಡೆತಕ್ಕೆ ಅಲ್ಲಿ ದೀಪವೇ ಇಲ್ಲ, ಆಟವೂ ನಿಲ್ಲುವುದಿಲ್ಲ. ನಮ್ಮ ಹೊಡೆತಕ್ಕೆ ಕೆಂಪು, ಹಸಿರು ಎರಡೂ ಹತ್ತುತ್ತವೆ.

ಮೂರನೇ ಹೆಜ್ಜೆ: ರೆಫರಿಯ ಕೈ ನೋಡಿ

ಎಪೆಗೆ ಈ ಹೆಜ್ಜೆ ಬೇಡ, ದೀಪ ಹೇಳಿದ್ದೇ ತೀರ್ಪು. ಫಾಯಿಲ್ ಮತ್ತು ಸೇಬರ್‌ನಲ್ಲಿ ಎರಡೂ ಕಡೆ ದೀಪ ಹತ್ತಿದಾಗ ರೆಫರಿ ಆದ್ಯತೆ ಯಾರದು ಎಂದು ನೋಡುತ್ತಾರೆ. ಮೊದಲು ದಾಳಿ ಶುರು ಮಾಡಿದವರಿಗೆ ಆದ್ಯತೆ. ಆ ದಾಳಿಯನ್ನು ಎದುರಾಳಿ ತನ್ನ ಬ್ಲೇಡ್‌ನಿಂದ ತಡೆದರೆ ಆದ್ಯತೆ ತಡೆದವರಿಗೆ ಹೋಗುತ್ತದೆ. ತಡೆದ ಮೇಲೆ ಅವರು ಕೊಡುವ ಮರುಹೊಡೆತವೇ ರಿಪೋಸ್ಟ್. ದಾಳಿ ಮಾಡುವವರು ನಡುವೆ ಕೈ ಹಿಂದಕ್ಕೆಳೆದುಕೊಂಡರೆ, ತಡವರಿಸಿದರೆ ಆದ್ಯತೆ ಕಳೆದುಕೊಳ್ಳುತ್ತಾರೆ.

ನಮ್ಮ ಬಲಗಡೆಯವಳು ತಡೆಯಲಿಲ್ಲ, ದಾಳಿಯ ಮಧ್ಯೆ ತನ್ನದನ್ನು ತೂರಿಸಿದಳು ಅಷ್ಟೇ. ಆದ್ದರಿಂದ ಸೇಬರ್‌ನಲ್ಲಿ ಎರಡೂ ಬಣ್ಣದ ದೀಪ ಹತ್ತಿದ್ದರೂ ಪಾಯಿಂಟ್ ಎಡಗಡೆಯವಳಿಗೆ. ಫಾಯಿಲ್‌ನಲ್ಲೂ ಎಡಗಡೆಯವಳಿಗೇ.

ಈಗ ಅಂತರವನ್ನು 100ರಿಂದ 200ಕ್ಕೆ ಏರಿಸಿ ನೋಡಿ. ಎಪೆಯಲ್ಲಿ ಬದಲಾವಣೆ ಇಲ್ಲ. ಫಾಯಿಲ್‌ನಲ್ಲೂ ಇಲ್ಲ, 300ರ ಒಳಗೇ ಇದೆಯಲ್ಲ. ಆದರೆ ಸೇಬರ್‌ನ ತೀರ್ಪು ತಿರುಗುತ್ತದೆ. 170 ದಾಟಿದ್ದರಿಂದ ಎಡಗಡೆಯವಳ ದೀಪ ಹತ್ತುವುದೇ ಇಲ್ಲ, ಪಾಯಿಂಟ್ ಬಲಗಡೆಯವಳಿಗೆ. ಇನ್ನೂ ಏರಿಸಿ 350 ಮಾಡಿ. ಫಾಯಿಲ್‌ನಲ್ಲಿ ಬಿಳಿ ದೀಪ ಒಂದೇ ಹತ್ತಿ ಆಟ ನಿಲ್ಲುತ್ತದೆ, ಯಾರಿಗೂ ಪಾಯಿಂಟ್ ಇಲ್ಲ. ಚೆಂದದ ದಾಳಿ ಮಾಡಿದ ಹುಡುಗಿ ಬರಿಗೈಯಲ್ಲಿ ವಾಪಸ್ ತನ್ನ ಗೆರೆಗೆ ಹೋಗುತ್ತಾಳೆ. ಇದನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ, ಆದರೆ ನಿಯಮ ಹಾಗಿದೆ.

ಗ್ಯಾಲರಿಯಿಂದ ನೋಡುವವರಿಗೆ ಎಪೆ ಸುಲಭ, ಫಾಯಿಲ್ ಸ್ವಲ್ಪ ಕಷ್ಟ, ಸೇಬರ್ ಎಲ್ಲಕ್ಕಿಂತ ಕಷ್ಟ. ಟೋಕಿಯೊದಲ್ಲಿ ಒಲಿಂಪಿಕ್ಸ್‌ಗೆ ಹೋದ ನಮ್ಮ ದೇಶದ ಮೊದಲ ಫೆನ್ಸರ್ ಭವಾನಿ ದೇವಿ ಆಡಿದ್ದು ಸೇಬರ್. ಮೊದಲ ಪಂದ್ಯವನ್ನು ಅವರು 15-3ರಿಂದ ಗೆದ್ದರು. ಅಂಥ ಪಂದ್ಯವನ್ನು ನೋಡುವಾಗ ದೀಪದ ಮೇಲೆ ಕಣ್ಣಿಡಬೇಡಿ. ರೆಫರಿ "ಅಲೇ" ಎಂದು ಆಟ ಶುರು ಮಾಡಿಸಿದ ಕೂಡಲೇ ಯಾರ ಕೈ ಮೊದಲು ಚಾಚಿತು, ಯಾರ ಕಾಲು ತಡೆಯಿಲ್ಲದೆ ಮುಂದೆ ಹೋಯಿತು ಎಂದು ನೋಡಿ. ದೀಪ ಆಮೇಲೆ.

ಬ್ಲೇಡ್ ಎಷ್ಟು ಬಾಗಬೇಕು?

ಇದನ್ನು ಮನೆಯಲ್ಲೇ ಅಳೆಯಬಹುದು. ತುದಿಯಿಂದ 70 ಸೆಂಟಿಮೀಟರ್ ದೂರದಲ್ಲಿ ಬ್ಲೇಡನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಅಡ್ಡಲಾಗಿ ಬಿಗಿಯಿರಿ. ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ತುದಿಯಿಂದ 3 ಸೆಂಟಿಮೀಟರ್ ಒಳಗೆ 200 ಗ್ರಾಂ ತೂಕ ನೇತುಹಾಕಿ ಮತ್ತೆ ಅಳೆಯಿರಿ. ಫಾಯಿಲ್ ತುದಿ 5.5ರಿಂದ 9.5 ಸೆಂಟಿಮೀಟರ್ ಇಳಿಯಬೇಕು, ಎಪೆ 4.5ರಿಂದ 7. ಸೇಬರ್‌ಗೆ ತೂಕವನ್ನು ತುದಿಯಿಂದ 1 ಸೆಂಟಿಮೀಟರ್ ಒಳಗೆ ತೂಗುಹಾಕುತ್ತಾರೆ, ಅದು 4ರಿಂದ 7 ಇಳಿಯಬೇಕು.

ಫಾಯಿಲ್‌ಗೆ ಇಷ್ಟು ಬಾಗುವ ಗುಣ ಇರುವುದರಿಂದ ಒಂದು ತಂತ್ರ ಹುಟ್ಟಿಕೊಂಡಿತು. ಗಾಳದ ಕೋಲು ಬೀಸಿದ ಹಾಗೆ ಮಣಿಕಟ್ಟು ಬೀಸಿದರೆ ಬ್ಲೇಡ್ ಬಾಗಿ, ತುದಿ ಎದುರಾಳಿಯ ಭುಜ ದಾಟಿ ಬೆನ್ನಿಗೆ ತಾಗುತ್ತದೆ. ಇದಕ್ಕೆ ಫ್ಲಿಕ್ ಎನ್ನುತ್ತಾರೆ. 2005ರ ಹೊತ್ತಿಗೆ ನಿಯಮ ಬದಲಾಯಿತು. ಅದಕ್ಕೂ ಮೊದಲು ಕೆಲವೇ ಮಿಲಿಸೆಕೆಂಡ್ ತಾಗಿದರೂ ದೀಪ ಹತ್ತುತ್ತಿತ್ತು. ಈಗ ತುದಿಯ ಗುಂಡಿ ಸುಮಾರು 14 ಮಿಲಿಸೆಕೆಂಡ್ ಒತ್ತಿಕೊಂಡೇ ಇರಬೇಕು. ಬೀಸಿ ಬಂದ ತುದಿ ಓರೆಯಾಗಿ ತಾಗಿ ಚಿಮ್ಮಿದರೆ ದೀಪ ಹತ್ತುವುದಿಲ್ಲ. ಫ್ಲಿಕ್ ಸತ್ತಿಲ್ಲ, ಆದರೆ ಸುಮ್ನೆ ಬೀಸಿದರೆ ಈಗ ಸಾಲುವುದಿಲ್ಲ.

ಎಪೆಯ ಬ್ಲೇಡ್ ತ್ರಿಕೋನಾಕಾರ, ಬಿರುಸು. ಮಣಿಕಟ್ಟಿನಂಥ ಸಣ್ಣ ಜಾಗಕ್ಕೆ ತುದಿ ನೇರವಾಗಿ ಹೋಗಬೇಕಾದರೆ ಆ ಬಿರುಸು ಬೇಕು. ಸೇಬರ್‌ನಲ್ಲಿ ತುದಿಯಿಂದ ಚುಚ್ಚುವುದಕ್ಕಿಂತ ಬ್ಲೇಡ್‌ನಿಂದ ಕಡಿಯುವುದೇ ಜಾಸ್ತಿ. ತುದಿಯಲ್ಲಿ ಗುಂಡಿಯೂ ಇಲ್ಲ. ಬ್ಲೇಡ್ ತುಂಬಾ ಬಳುಕಿದರೆ ತಡೆದ ಹೊಡೆತವೂ ತಡೆಯ ಮೇಲಿಂದ ಬಾಗಿ ಮೈಗೆ ತಾಗಿಬಿಡುತ್ತದೆ. ಆಗ ಸರಿಯಾಗಿ ತಡೆದವರಿಗೆ ಅನ್ಯಾಯ.

ದೀಪ ಸುಳ್ಳು ಹೇಳುತ್ತಿದೆ ಅನಿಸಿದರೆ

ಫಾಯಿಲ್ ಮತ್ತು ಎಪೆ ಕೆಟ್ಟಾಗ ತೋರುವ ಲಕ್ಷಣ ಒಂದಕ್ಕೊಂದು ತದ್ವಿರುದ್ಧ. ಫಾಯಿಲ್‌ನ ವಿದ್ಯುತ್ ಹಾದಿ ಸದಾ ಕೂಡಿಕೊಂಡಿರುತ್ತದೆ, ಗುಂಡಿ ಒತ್ತಿದಾಗ ಕಡಿಯುತ್ತದೆ. ಆದ್ದರಿಂದ ಬ್ಲೇಡಿನ ಒಳಗಿನ ತಂತಿ ತುಂಡಾದರೆ ಯಾರೂ ಮುಟ್ಟದೆ ಬಿಳಿ ದೀಪ ಹತ್ತುತ್ತದೆ. ಎಪೆಯಲ್ಲಿ ಗುಂಡಿ ಒತ್ತಿದಾಗ ಮಾತ್ರ ಹಾದಿ ಕೂಡುತ್ತದೆ. ಅಲ್ಲಿ ತಂತಿ ತುಂಡಾದರೆ ಎಷ್ಟು ಚೆನ್ನಾಗಿ ತಾಗಿಸಿದರೂ ದೀಪ ಹತ್ತುವುದೇ ಇಲ್ಲ. ಮಗು "ತಾಗಿತ್ತು ಅಪ್ಪಾ" ಎಂದು ಮತ್ತೆ ಮತ್ತೆ ಹೇಳಿದರೆ ನಂಬಿ, ಆಯುಧ ಪರೀಕ್ಷಿಸಿ.

ತುದಿಯ ಸ್ಪ್ರಿಂಗ್ ಪರೀಕ್ಷೆ ಸುಲಭ. ಆಯುಧವನ್ನು ತುದಿ ಮೇಲೆ ಬರುವಂತೆ ನಿಲ್ಲಿಸಿ ತುದಿಯ ಮೇಲೆ ತೂಕ ಕೂರಿಸುತ್ತಾರೆ, ಫಾಯಿಲ್‌ಗೆ 500 ಗ್ರಾಂ, ಎಪೆಗೆ 750. ಕೈಯಿಂದ ಒತ್ತಿ ಬಿಟ್ಟಾಗ ಗುಂಡಿ ಆ ತೂಕವನ್ನು ಮೇಲೆತ್ತಬೇಕು. ಎತ್ತದಿದ್ದರೆ ಸ್ಪ್ರಿಂಗ್ ಸೋತಿದೆ, ಪಂದ್ಯಕ್ಕೆ ಬಿಡುವುದಿಲ್ಲ.

ಫಾಯಿಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಎದುರಾಳಿಯ ಎದೆಗೇ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಹತ್ತುವುದು ಬಿಳಿ ದೀಪ. ಎದುರಾಳಿಯ ಲಾಮೆಯಲ್ಲಿ ಆ ಜಾಗ ಸತ್ತಿರಬಹುದು. ಬೆವರಿನ ಉಪ್ಪು ಲೋಹದ ಎಳೆಯನ್ನು ತಿನ್ನುತ್ತದೆ. ಕಂಕುಳ ಕೆಳಗೆ ಮತ್ತು ಮಡಿಕೆ ಬೀಳುವಲ್ಲಿ ಜಾಸ್ತಿ. ಇಂಥ ಸಂದರ್ಭದಲ್ಲಿ ಹುಡುಗಿ ಆ ಜಾಗದಿಂದ ಕದಲದೆ, ತಂತಿ ಕಳಚದೆ ರೆಫರಿಯನ್ನು ಕೇಳಬೇಕು. ಅವರು ಅಲ್ಲೇ ಪರೀಕ್ಷಿಸುತ್ತಾರೆ. ದೋಷ ಸಾಬೀತಾದರೂ ಬಿಳಿ ದೀಪದ ಹೊಡೆತಕ್ಕೆ ರೆಫರಿ ಸುಮ್ನೆ ಪಾಯಿಂಟ್ ಕೊಡಲಾರರು. ಆದರೆ ಜಾಕೆಟ್ ಬದಲಾಗುತ್ತದೆ, ಮುಂದಿನ ಹೊಡೆತಗಳು ಉಳಿಯುತ್ತವೆ.

ನಿಮ್ಮ ಮನೆಯ ಲಾಮೆಯನ್ನು ಪರೀಕ್ಷಿಸಲು ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಸಾದಾ ಮಲ್ಟಿಮೀಟರ್ ಸಾಕು. ಒಂದು ಕಡ್ಡಿಯನ್ನು ಕ್ಲಿಪ್ ಹಾಕುವ ಜಾಗಕ್ಕೆ ಹಿಡಿದು ಇನ್ನೊಂದನ್ನು ಜಾಕೆಟ್ ತುಂಬ ನಿಧಾನವಾಗಿ ಒತ್ತುತ್ತಾ ಹೋಗಿ. ನಿಯಮದ ಮಿತಿ 5 ಓಮ್. ಒಂದು ಕಡೆ ಅಂಕಿ ದಿಢೀರನೆ ಏರಿದರೆ ಅಲ್ಲಿ ಬಟ್ಟೆ ಸತ್ತಿದೆ. ಮಳೆಗಾಲದಲ್ಲಿ ಒದ್ದೆ ಜಾಕೆಟನ್ನು ಬ್ಯಾಗಿನಲ್ಲಿ ಮಡಚಿ ಇಟ್ಟರೆ ಇದು ಬೇಗ ಶುರುವಾಗುತ್ತದೆ. ತಣ್ಣೀರಲ್ಲಿ ಸ್ವಲ್ಪವೇ ಸೋಪು ಹಾಕಿ ಕೈಯಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ, ಹ್ಯಾಂಗರ್‌ಗೆ ಹಾಕಿ ಫ್ಯಾನ್ ಕೆಳಗೆ ಒಣಗಿಸಿ.