ಮೊದಲ ಸಂಬಳದ ಎರಡು ಸಾವಿರ ವ್ಯತ್ಯಾಸ: ಲೆಕ್ಕ ಹಾಕುವುದು ಹೇಗೆ?

ಹಾಸನದ ಬಿ.ಎಂ. ರಸ್ತೆಯ ಒಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸಂಬಳದ ಬಿಲ್ಲು ಮಾಡಿದವನು ನಾನು. ಹೋದ ಜೂನ್‌ನಲ್ಲಿ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದಳು. ತಿಂಗಳಿಗೆ 18,000 ರೂಪಾಯಿ. ಅವಳ ಜೊತೆ ಓದಿದ ಗೆಳತಿಯೂ ಅದೇ ಕಚೇರಿಗೆ, ಅದೇ ಕೆಲಸಕ್ಕೆ, ಅದೇ ವಾರ ಸೇರಿದಳು. ಅವಳಿಗೆ 20,000. ‘ಎಷ್ಟು ನಿರೀಕ್ಷೆ ಇದೆಯಮ್ಮಾ?’ ಎಂದು ಸಂದರ್ಶನದಲ್ಲಿ ಕೇಳಿದಾಗ ಇವಳು ‘ನೀವು ಕೊಟ್ಟಷ್ಟು ಸರ್’ ಅಂದಳಂತೆ. ಅವಳು ಇಪ್ಪತ್ತು ಅಂದಳಂತೆ.

“ಬರೀ ಎರಡು ಸಾವಿರ ತಾನೆ? ಎರಡು ಇನ್‌ಕ್ರಿಮೆಂಟ್ ಬಂದ್ರೆ ಸರಿಹೋಗುತ್ತೆ ಬಿಡಿ ಮಾವ” ಎಂದಳು. ಬಹಳ ಜನ ಎಡವುವುದು ಇಲ್ಲೇ. ಇನ್‌ಕ್ರಿಮೆಂಟ್ ಶೇಕಡಾ ಲೆಕ್ಕದಲ್ಲಿ ಬಂದರೆ ಅಂತರ ಕರಗುವುದಿಲ್ಲ; ಆ ಅಂತರಕ್ಕೂ ವರ್ಷಾವರ್ಷ ಇನ್‌ಕ್ರಿಮೆಂಟ್ ಆಗುತ್ತದೆ. ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕೂತೆವು.

ಮೊದಲು ಹಾಳೆ ಹಾಕಿ

ಎಕ್ಸೆಲ್ ಇರಲಿ, ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಯಾವುದೇ ಶೀಟ್ ಇರಲಿ, ಸಾಕು. ಮೊದಲ ಸಾಲನ್ನು ತಲೆಬರಹಕ್ಕೆ ಬಿಟ್ಟು, ಎರಡನೆಯ ಸಾಲಿನಿಂದ ಶುರು ಮಾಡಿ. A ಕಾಲಂನಲ್ಲಿ ನಿಮ್ಮ ಸಂಬಳ, B ಕಾಲಂನಲ್ಲಿ ಇನ್ನೊಬ್ಬರದು, C ಕಾಲಂನಲ್ಲಿ ತಿಂಗಳ ಅಂತರ, D ಕಾಲಂನಲ್ಲಿ ವರ್ಷದ ಅಂತರ. ವರ್ಷಕ್ಕೆ ಶೇ 8ರ ಏರಿಕೆ ಹಿಡಿದೆವು.

```
A2: 18000
B2: 20000
C2: =B2-A2
D2: =C2*12
A3: =A2*1.08
B3: =B2*1.08
```

C2 ಮತ್ತು D2 ಸೂತ್ರಗಳನ್ನೂ ಮೂರನೆಯ ಸಾಲಿಗೆ ಇಳಿಸಿ, ಆಮೇಲೆ ಇಡೀ ಮೂರನೆಯ ಸಾಲನ್ನು 31ನೆಯ ಸಾಲಿನವರೆಗೆ ಎಳೆಯಿರಿ. ಅಲ್ಲಿಗೆ ಮೂವತ್ತು ವರ್ಷದ ನೌಕರಿ ಮುಗಿಯಿತು. ಸೂತ್ರ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಯಾವುದಾದರೂ ಸಾಲಿನ B ಅನ್ನು A ಯಿಂದ ಭಾಗಿಸಿ. ಯಾವ ವರ್ಷ ನೋಡಿದರೂ 1.111 ಬರಬೇಕು. ಬೇರೆ ಬಂದರೆ ಎಲ್ಲೋ ಒಂದು ಕಡೆ 1.08 ಬದಲು 1.8 ಬಿದ್ದಿರುತ್ತದೆ. ನಮ್ಮ ಹುಡುಗಿಯ ಹಾಳೆಯಲ್ಲಿ ಮೊದಲ ಸಲ ಹಾಗೇ ಆಗಿತ್ತು, ಮೂರನೇ ವರ್ಷಕ್ಕೇ ಗೆಳತಿಯ ಸಂಬಳ ಅರವತ್ತು ಸಾವಿರ ದಾಟಿತ್ತು!

ಈಗ C ಕಾಲಂ ನೋಡಿ

ಎರಡನೇ ವರ್ಷ ಅಂತರ 2,160 ರೂಪಾಯಿ. ಮೂರನೇ ವರ್ಷ 2,333. ಇಲ್ಲಿಯವರೆಗೆ ಯಾರಿಗೂ ಏನೂ ಅನಿಸುವುದಿಲ್ಲ. ಹತ್ತನೇ ವರ್ಷ ಅದು 3,998 ಆಗಿರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಹತ್ತೊಂಬತ್ತನೇ ವರ್ಷ ಮತ್ತೆ ಎರಡರಷ್ಟಾಗಿ 8,000ದ ಹತ್ತಿರ, ಇಪ್ಪತ್ತೆಂಟನೇ ವರ್ಷ 16,000ದ ಹತ್ತಿರ. ಒಂಬತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ. ಬ್ಯಾಂಕಿನವರು ಬಡ್ಡಿಗೆ ಹೇಳುವ 72ರ ಲೆಕ್ಕವೇ ಇದು: 72 ಅನ್ನು ಶೇಕಡಾ ದರದಿಂದ ಭಾಗಿಸಿದರೆ ದುಪ್ಪಟ್ಟಾಗುವ ವರ್ಷ ಸಿಗುತ್ತದೆ. ನಿಮ್ಮಲ್ಲಿ ಏರಿಕೆ ಶೇ 6 ಇದ್ದರೆ ಹನ್ನೆರಡು ವರ್ಷ.

ಇನ್ನು ಒಟ್ಟು ಮೊತ್ತ. D ಕಾಲಂನ ಕೆಳಗೆ `=SUM(D2:D31)` ಹಾಕಿ. ತಿಂಗಳಿಗೆ ಎರಡು ಸಾವಿರದಂತೆ ಮೂವತ್ತು ವರ್ಷಕ್ಕೆ 7 ಲಕ್ಷ 20 ಸಾವಿರ ಎಂದು ಅವಳು ಬಾಯಿಲೆಕ್ಕ ಹಾಕಿದ್ದಳು. ಹಾಳೆಯಲ್ಲಿ ಬಂದದ್ದು 27 ಲಕ್ಷ 18 ಸಾವಿರಕ್ಕೂ ಮೇಲೆ.

ಈ ಅಂಕಿಯನ್ನು ಹಾಗೇ ನುಂಗಬೇಡಿ. ಮೂವತ್ತು ವರ್ಷದ ನಂತರದ ರೂಪಾಯಿಗೆ ಇವತ್ತಿನ ಬೆಲೆ ಇರುವುದಿಲ್ಲ. ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಇವತ್ತಿನ ಹಣದಲ್ಲಿ ಅದು ಸುಮಾರು 11 ಲಕ್ಷ. ಹೆದರಿಸುವವರು ಮೊದಲ ಅಂಕಿಯನ್ನಷ್ಟೇ ಹೇಳುತ್ತಾರೆ. ನಾನು ನಂಬುವುದು ಎರಡನೆಯದನ್ನು. ಸಂದರ್ಶನದ ಒಂದು ಮಾತಿಗೆ ಅದೂ ಸಣ್ಣದಲ್ಲ.

ಸಂಬಳದ ಬೆನ್ನಿಗೆ ಬರುವ ಇನ್ನೊಂದಿದೆ, ಗ್ರಾಚ್ಯುಟಿ. ಕೊನೆಯ ತಿಂಗಳ ಬೇಸಿಕ್ ಅನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಅದರ ಸೂತ್ರ. ಬೇಸಿಕ್ ಎಂದರೆ ಸಂಬಳದ ಅರ್ಧ ಎಂದುಕೊಳ್ಳಿ. ಇಬ್ಬರೂ ಅದೇ ಕಚೇರಿಯಲ್ಲೇ ಮೂವತ್ತು ವರ್ಷ ದುಡಿದರೆ ಗ್ರಾಚ್ಯುಟಿಯಲ್ಲೇ 1 ಲಕ್ಷ 61 ಸಾವಿರದಷ್ಟು ವ್ಯತ್ಯಾಸ ಬೀಳುತ್ತದೆ.

ಕೆಲಸ ಬದಲಿಸಿದರೆ?

“ಮೂರು ವರ್ಷ ಬಿಟ್ಟು ಬೆಂಗಳೂರಿಗೆ ಹೋದ್ರೆ ಆಯ್ತು” ಎನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಹೊಸ ಕಡೆ ಹಳೆಯ ಪೇ ಸ್ಲಿಪ್ ಕೇಳಿ ‘ಅದರ ಮೇಲೆ ಶೇ 25 ಕೊಡ್ತೀವಿ’ ಅಂದರೆ ಇವಳ 20,995 ಹೋಗಿ 26,244 ಆಗುತ್ತದೆ, ಗೆಳತಿಯ 23,328 ಹೋಗಿ 29,160. ಅಂತರ 2,916! ಊರು ಬದಲಾಯಿತು, ಅಂತರ ಗಂಟುಮೂಟೆ ಕಟ್ಟಿಕೊಂಡು ಜೊತೆಗೇ ಬಂತು. ಆದ್ದರಿಂದ ಅಲ್ಲಿ ಕೇಳಬೇಕಾದದ್ದು ‘ಎಷ್ಟು ಪರ್ಸೆಂಟ್’ ಎಂದಲ್ಲ. ಆ ಹುದ್ದೆಗೆ ಅವರು ಇಟ್ಟಿರುವ ಸಂಬಳ ಎಷ್ಟು ಎಂದು ಕೇಳಿ ಅದರ ಮೇಲೆ ಮಾತಾಡಬೇಕು.

ಶೇಕಡಾ ಇಲ್ಲದ ಕಡೆ ಈ ಹಾಳೆ ನಡೆಯುವುದಿಲ್ಲ. ಎಲ್ಲರಿಗೂ ಒಂದೇ ಮೊತ್ತ ಏರಿಸುವ ಕಡೆ ಎರಡು ಸಾವಿರ ಎರಡು ಸಾವಿರವಾಗಿಯೇ ಉಳಿಯುತ್ತದೆ. ಹುದ್ದೆಗೆ ಗರಿಷ್ಠ ಮಿತಿ ಇದ್ದರೆ ಮುಂದಿದ್ದವರು ಮೊದಲು ತಲುಪಿ ನಿಂತುಬಿಡುತ್ತಾರೆ, ಹಿಂದಿದ್ದವರು ಬಂದು ಕೂಡಿಕೊಳ್ಳುತ್ತಾರೆ.

ಸರಿಪಡಿಸುವುದು ಹೇಗೆ?

20,000ದವರ ಕಡೆಯಿಂದ ನೋಡಿದರೆ ಅಂತರ ಶೇ 10. 18,000ದವರು ಅದನ್ನು ತುಂಬಿಕೊಳ್ಳಬೇಕಾದರೆ ಶೇ 11.1 ಬೇಕು. ‘ಶೇ 10 ಜಾಸ್ತಿ ಕೊಡಿ’ ಎಂದು ಕೇಳಿದರೆ 19,800ಕ್ಕೇ ನಿಲ್ಲುತ್ತೀರಿ. ಐದು ವರ್ಷದಲ್ಲಿ ನಿಧಾನಕ್ಕೆ ಸರಿಮಾಡಿಕೊಳ್ಳುತ್ತೇನೆ ಎನ್ನುವವರಿಗೆ ಉಳಿದವರಿಗೆ ಶೇ 8 ಸಿಗುವಾಗ ಪ್ರತಿವರ್ಷ ಶೇ 10.3 ಸಿಗಬೇಕು. ಸಿಕ್ಕರೂ ನಡುವೆ ಕಳೆದುಕೊಂಡದ್ದು ಹೋಯಿತು. ಹಾಗಾಗಿ ಮೊದಲ ವರ್ಷದಲ್ಲೇ ಕೇಳುವುದು ಲೇಸು. ಸೇರುವಾಗ ‘ಬೇಸಿಕ್ ಏರಿಸೋಕಾಗಲ್ಲ, ಬದಲಿಗೆ 20,000 ಜಾಯ್ನಿಂಗ್ ಬೋನಸ್ ತಗೊಳ್ಳಿ’ ಎನ್ನುವವರಿದ್ದಾರೆ. ಮೊದಲ ವರ್ಷದ ಅಂತರವೇ 24,000, ಬೋನಸ್ ಅದನ್ನೂ ಮುಚ್ಚುವುದಿಲ್ಲ. ‘ಆರು ತಿಂಗಳಲ್ಲಿ ಸರಿಮಾಡ್ತೀವಿ’ ಅಂದರೆ ಅದನ್ನು ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ.

ಈ ಏಪ್ರಿಲ್‌ನಲ್ಲಿ ಕೇಳುವುದೆಂದು ತೀರ್ಮಾನಿಸಿ ಅವಳು ಒಂದು ಇಮೇಲ್ ಬರೆದು ತೋರಿಸಿದಳು: ‘ಶೇ 8ರ ಜೊತೆಗೆ 2,000 ರೂ. ಸೇರಿಸಿಕೊಡಿ’. ನಾನು ಒಂದೇ ತಿದ್ದುಪಡಿ ಮಾಡಿದೆ. ಮೊದಲು 2,000 ಸೇರಿಸಿ, ಆಮೇಲೆ ಶೇ 8 ಹಾಕಿ ಎಂದು ಬರೆ ಅಂದೆ. ಹಾಗೆ ಮಾಡಿದರೆ 21,600, ಗೆಳತಿಗೆ ಸರಿಸಮ. ಅವಳು ಬರೆದಂತೆ ಆದರೆ 21,440.

“ನೂರಅರವತ್ತು ರೂಪಾಯಿಗೆ ಅವರ ಹತ್ರ ಇಷ್ಟೆಲ್ಲ ಹೇಳಬೇಕಾ ಮಾವ?” ಎಂದು ರೇಗಿಸಿದಳು. ಉತ್ತರಕ್ಕೆ ಕಾಯಲಿಲ್ಲ. ಹಾಳೆಯಲ್ಲಿ ಖಾಲಿ ಇದ್ದ E ಕಾಲಂನಲ್ಲಿ 160 ಎಂದು ಟೈಪ್ ಮಾಡಿ, ಕೆಳಗಿನ ಮನೆಯಲ್ಲಿ 1.08 ಹಾಕಿ ಎಳೆಯುತ್ತಿದ್ದಳು.